ಮ್ಯಾಮೋಗ್ರಾಮ್ ನೋಡುವ ಕ್ರಮ: ಸಾಂದ್ರತೆ, ಗಡ್ಡೆ ಮತ್ತು ಸುಣ್ಣದ ಕಣಗಳಿಗೆ ಸರಿಯಾದ ಪದ ಹುಡುಕುವುದು ಹೇಗೆ?

ರೇಡಿಯೋಗ್ರಫಿ ವಿದ್ಯಾರ್ಥಿಗಳು ಸ್ತನದ ಚಿತ್ರದ ವರದಿಗೆ ಬಳಸುವ ಬೈರಾಡ್ಸ್ ಪದಗಳನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಪಟ್ಟಿ ಕೇಳಿದರೆ ತಡವರಿಸದೆ ಬರೆಯುತ್ತಾರೆ. ಆದರೆ ಎದುರಿಗೆ ಒಂದು ಚಿತ್ರ ಇಟ್ಟು ಏನು ಕಾಣುತ್ತಿದೆ ಎಂದರೆ ಉತ್ತರ ಹಳಿ ತಪ್ಪುತ್ತದೆ. ಕಾರಣ ನೆನಪಿನ ಕೊರತೆಯಲ್ಲ, ಕ್ರಮದ ಕೊರತೆ. ಬಿಳಿ ಚುಕ್ಕೆ ಕಂಡ ಕೂಡಲೇ ಇದು ಕ್ಯಾನ್ಸರ್ ಇರಬಹುದು ಅಥವಾ ಇರಲಾರದು ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡು, ಆ ತೀರ್ಪಿಗೆ ಹೊಂದುವ ಪದವನ್ನು ಆಮೇಲೆ ಹೆಕ್ಕುತ್ತಾರೆ. ಕೆಳಗಿನ ಹಂತಗಳು ಅದನ್ನು ತಿರುವುಮುರುವು ಮಾಡಲು. ಇಲ್ಲಿ ಬಳಸಿರುವುದು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 2013ರಲ್ಲಿ ಹೊರತಂದ ಐದನೇ ಆವೃತ್ತಿಯ ಪದಗಳು.

ವರದಿ ಬರೆಯುವುದು ರೇಡಿಯಾಲಜಿಸ್ಟ್ ಕೆಲಸ, ನಮಗೇಕೆ ಈ ಪದಗಳು ಎಂದು ಕೇಳುವವರಿದ್ದಾರೆ. ಯಾವ ಹೆಚ್ಚುವರಿ ನೋಟ ಬೇಕು, ತೆಗೆದ ನೋಟ ಸಾಕೇ ಎಂಬ ಪ್ರಶ್ನೆಗಳಿಗೆ ಉತ್ತರ ಈ ಪದಗಳಲ್ಲೇ ಇದೆ. ಮಸುಕಾದ ಚಿತ್ರದಿಂದ ಮಸುಕಾದ ಪದವೇ ಹುಟ್ಟುತ್ತದೆ. ಆ ಮಸುಕು ರೋಗದ್ದೋ ಯಂತ್ರದ್ದೋ ಎಂಬುದು ಚಿತ್ರ ತೆಗೆದವರಿಗೆ ಮೊದಲು ಗೊತ್ತಾಗಬೇಕು.

## ಕೈಯಲ್ಲಿರಬೇಕಾದವು

ಎರಡೂ ಸ್ತನಗಳ ಮೇಲಿನಿಂದ ತೆಗೆದ ಸಿಸಿ ಮತ್ತು ಓರೆಯಾಗಿ ತೆಗೆದ ಎಂಎಲ್‌ಒ ನೋಟಗಳು, ಅಂದರೆ ಒಟ್ಟು ನಾಲ್ಕು ಚಿತ್ರಗಳು ಬೇಕು. ಹಿಂದಿನ ಮ್ಯಾಮೋಗ್ರಾಮ್ ಇದ್ದರೆ ಅದನ್ನೂ ಪಕ್ಕದಲ್ಲಿ ತೆರೆದಿಡಿ. ಸಾಧ್ಯವಾದರೆ ಕಳೆದ ಸಲದ್ದಕ್ಕಿಂತ ಎರಡು ಮೂರು ವರ್ಷ ಹಳೆಯದು ಇನ್ನೂ ಉಪಯುಕ್ತ, ಏಕೆಂದರೆ ನಿಧಾನವಾಗಿ ಆಗುವ ಬದಲಾವಣೆ ಹತ್ತಿರದ ಎರಡು ಚಿತ್ರಗಳ ನಡುವೆ ಕಣ್ಣಿಗೆ ಬೀಳುವುದಿಲ್ಲ. ಮ್ಯಾಮೋಗ್ರಫಿಗೆಂದೇ ಇರುವ ಐದು ಮೆಗಾಪಿಕ್ಸೆಲ್ ಮಾನಿಟರ್, ಮಂದ ಬೆಳಕಿನ ಕೋಣೆ ಮತ್ತು ಪರದೆಯ ಮೇಲೆ ಅಳೆಯುವ ಸಾಧನ ಬೇಕು. ಸುಣ್ಣದ ಕಣಗಳನ್ನು ಪೂರ್ಣ ರೆಸಲ್ಯೂಶನ್‌ನಲ್ಲಿ, ಒಂದೊಂದು ಭಾಗವನ್ನೇ ಸರಿಸುತ್ತಾ ನೋಡಬೇಕು. ಇಡೀ ಸ್ತನವನ್ನು ಪರದೆಗೆ ಹೊಂದಿಸಿ ನೋಡಿದರೆ ಅರ್ಧ ಮಿಲಿಮೀಟರ್‌ಗಿಂತ ಸಣ್ಣ ಕಣಗಳು ತಪ್ಪಿಹೋಗುತ್ತವೆ.

ರೋಗಿಯ ವಯಸ್ಸು, ಹಿಂದೆ ಆಗಿರುವ ಶಸ್ತ್ರಚಿಕಿತ್ಸೆ ಅಥವಾ ಬಯಾಪ್ಸಿ, ಚರ್ಮದ ಮೇಲಿನ ಮಚ್ಚೆ ಮತ್ತು ಗಾಯದ ಗುರುತು ಎಲ್ಲಿವೆ ಎಂಬ ಟಿಪ್ಪಣಿಯನ್ನೂ ಇಟ್ಟುಕೊಳ್ಳಿ. ಚರ್ಮದ ಮೇಲೆ ಉಬ್ಬಿದ ಮಚ್ಚೆಯೊಂದು ನುಣುಪಾದ ಅಂಚಿನ ಗಡ್ಡೆಯಂತೆಯೇ ಕಾಣುತ್ತದೆ.

## ಹಂತ 1: ಈ ಚಿತ್ರವನ್ನು ನಂಬಬಹುದೇ?

ಪದ ಹುಡುಕುವ ಮೊದಲು ಚಿತ್ರವನ್ನು ಪರೀಕ್ಷಿಸಿ. ಮುಖ್ಯವಾಗಿ ಅಲುಗಾಟ. ಎಂಎಲ್‌ಒ ನೋಟದ ಕೆಳಭಾಗದಲ್ಲಿ ಒತ್ತಡ ಸಡಿಲವಾಗಿರುತ್ತದೆ, ಅಲುಗಾಟ ಮೊದಲು ಕಾಣುವುದು ಅಲ್ಲಿಯೇ. ಸೂಕ್ಷ್ಮ ಎಳೆಗಳಂತಿರುವ ಕೂಪರ್ ತಂತುಗಳು ಚೂಪಾಗಿ ಕಾಣುತ್ತಿವೆಯೇ, ಅಥವಾ ಜೋಡಿ ಗೆರೆಗಳಂತೆ ಮಸುಕಾಗಿವೆಯೇ ನೋಡಿ. ಅಲುಗಿದ ಚಿತ್ರದಲ್ಲಿ ಸ್ಪಷ್ಟ ಅಂಚಿನ ಗಡ್ಡೆಯೂ ಅಸ್ಪಷ್ಟವಾಗುತ್ತದೆ, ದುಂಡನೆಯ ಕಣವೂ ಉದ್ದವಾಗುತ್ತದೆ. ಆ ಭಾಗದಲ್ಲಿರುವ ಕಣಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅದು ಅಲುಗಾಟದ ಗುರುತು. ಹಾಲಿನ ನಾಳದಲ್ಲಿರುವ ನಿಜವಾದ ಕಣಗಳು ಅಷ್ಟು ಶಿಸ್ತಿನಿಂದ ಒಂದೇ ದಿಕ್ಕಿಗೆ ಮುಖ ಮಾಡುವುದು ಅಪರೂಪ.

ಎರಡನೆಯದು ಹುಸಿ ಕಣಗಳು. ಬೆವರುನಾಶಕಗಳಲ್ಲಿ ಅಲ್ಯೂಮಿನಿಯಂ ಇರುತ್ತದೆ, ಕೆಲವು ಮುಲಾಮುಗಳಲ್ಲಿ ಸತುವಿನ ಆಕ್ಸೈಡ್ ಇರುತ್ತದೆ. ಕಂಕುಳಿನಲ್ಲಿ ಅಥವಾ ಸ್ತನದ ಕೆಳಮಡಿಕೆಯಲ್ಲಿ ಉಳಿದ ಇವುಗಳ ಪುಡಿ ಥೇಟ್ ಸುಣ್ಣದ ಕಣದಂತೆ ಮೂಡುತ್ತದೆ. ಒರೆಸಿ ಮತ್ತೆ ಚಿತ್ರ ತೆಗೆದರೆ ಮಾಯವಾಗುತ್ತದೆ. ಬೇರೆ ಬೇರೆ ನೋಟಗಳಲ್ಲೂ ಪರದೆಯ ಅದೇ ಜಾಗದಲ್ಲಿ ಕಾಣುವ ಚುಕ್ಕೆ ಸ್ತನದ್ದಲ್ಲ. ಅದು ಡಿಟೆಕ್ಟರ್‌ನದ್ದು ಅಥವಾ ಸ್ತನವನ್ನು ಒತ್ತುವ ಪ್ಯಾಡಲ್ ಮೇಲಿನ ಧೂಳು.

## ಹಂತ 2: ಸ್ತನದ ಸಾಂದ್ರತೆಗೆ ಒಂದು ಅಕ್ಷರ ಕೊಡಿ

ವರ್ಗಗಳು ನಾಲ್ಕು: ಎ, ಬಿ, ಸಿ, ಡಿ. ಎ ಎಂದರೆ ಬಹುಪಾಲು ಕೊಬ್ಬು. ಬಿ ಎಂದರೆ ಗ್ರಂಥಿ ಅಂಗಾಂಶದ ಬಿಳಿ ಪ್ರದೇಶಗಳು ಅಲ್ಲಲ್ಲಿ ಚದುರಿರುವುದು. ಸಿ ಎಂದರೆ ಅಸಮವಾಗಿ ಸಾಂದ್ರವಾಗಿದ್ದು, ಸಣ್ಣ ಗಡ್ಡೆಯನ್ನು ಮರೆಮಾಡಬಹುದಾದ ಸ್ತನ. ಡಿ ಎಂದರೆ ಅತಿ ಸಾಂದ್ರವಾಗಿದ್ದು, ಮ್ಯಾಮೋಗ್ರಫಿಯ ಪತ್ತೆಶಕ್ತಿಯನ್ನೇ ಕುಗ್ಗಿಸುವ ಸ್ತನ. ಅಂತಿಮ ಮೌಲ್ಯಮಾಪನಕ್ಕೆ 0ಯಿಂದ 6ರವರೆಗೆ ಅಂಕಿಗಳಿವೆ. ಅವುಗಳೊಂದಿಗೆ ಬೆರೆಯದಿರಲಿ ಎಂದೇ ಸಾಂದ್ರತೆಗೆ ಅಕ್ಷರ ಕೊಟ್ಟಿದ್ದಾರೆ.

ಹಳೆಯ ಟಿಪ್ಪಣಿಗಳಲ್ಲಿ ಶೇಕಡಾ 25, 50, 75 ಎಂಬ ಗಡಿಗಳು ಇನ್ನೂ ಓಡಾಡುತ್ತಿವೆ. ಅವು 2003ರ ನಾಲ್ಕನೇ ಆವೃತ್ತಿಯವು, ಐದನೆಯದರಲ್ಲಿ ತೆಗೆದುಹಾಕಲಾಗಿದೆ. ಬದಲಾದದ್ದು ಬರಿಯ ಲೆಕ್ಕವಲ್ಲ, ಕೇಳುವ ಪ್ರಶ್ನೆಯೇ ಬದಲಾಗಿದೆ. ಈಗಿನ ಪ್ರಶ್ನೆ ಎಷ್ಟು ಬಿಳಿ ಇದೆ ಎಂಬುದಲ್ಲ, ಆ ಬಿಳಿಯ ಹಿಂದೆ ಗಡ್ಡೆಯೊಂದು ಅಡಗಿ ಕೂರಬಹುದೇ ಎಂಬುದು. ಗ್ರಂಥಿ ಅಂಗಾಂಶವೂ ಕ್ಯಾನ್ಸರೂ ಕ್ಷಕಿರಣವನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಡೆಯುತ್ತವೆ, ಆದ್ದರಿಂದ ಎರಡೂ ಬಿಳಿಯಾಗಿಯೇ ಕಾಣುತ್ತವೆ. ಹಾಗಾಗಿ ಸ್ತನದ ಮುಕ್ಕಾಲು ಭಾಗ ಕೊಬ್ಬಾಗಿದ್ದು, ಮೇಲಿನ ಹೊರಭಾಗದಲ್ಲಿ ಮಾತ್ರ ಗಾಢವಾದ ಒಂದು ಬಿಳಿ ಪ್ರದೇಶವಿದ್ದರೂ ಅದನ್ನು ಸಿ ಎನ್ನಬಹುದು. ಇಂಥ ಚಿತ್ರಕ್ಕೆ ವಿದ್ಯಾರ್ಥಿಗಳು ಕೊಡುವ ಉತ್ತರ ಸಾಮಾನ್ಯವಾಗಿ ಬಿ. ಎರಡು ಸ್ತನಗಳು ಬೇರೆ ಬೇರೆಯಾಗಿದ್ದರೆ ಹೆಚ್ಚು ಸಾಂದ್ರವಾದುದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಿ ಮತ್ತು ಸಿ ನಡುವೆ ಅನುಭವಿಗಳೂ ಒಮ್ಮತಕ್ಕೆ ಬರುವುದಿಲ್ಲ, ಅದಕ್ಕೆ ಬೇಸರಿಸಬೇಕಾಗಿಲ್ಲ. ಆದರೆ ಕೈಗೆ ಗಟ್ಟಿಯಾಗಿ ಸಿಗುವ ಸ್ತನ ಸಾಂದ್ರ ಎಂದು ಬರೆಯುವುದು ಶುದ್ಧ ತಪ್ಪು. ಸಾಂದ್ರತೆ ಚಿತ್ರದಲ್ಲಿ ಕಾಣುವ ಗುಣ, ಸ್ಪರ್ಶಕ್ಕೂ ಅದಕ್ಕೂ ಸಂಬಂಧವಿಲ್ಲ. ಪರದೆಯ ಹೊಳಪು ಏರಿಸಿದಾಗ ಬಿಳಿ ಹೆಚ್ಚಾಯಿತೆಂದು ವರ್ಗ ಬದಲಿಸುವುದೂ ಅಂಥದ್ದೇ. ಹಿಂದಿನ ಚಿತ್ರಕ್ಕಿಂತ ಸಾಂದ್ರತೆ ನಿಜವಾಗಿಯೂ ಬದಲಾಗಿದ್ದರೆ ತೂಕದ ಏರಿಳಿತ, ಹಾರ್ಮೋನ್ ಚಿಕಿತ್ಸೆ, ಹಾಲೂಡಿಸುವಿಕೆ ಇವನ್ನು ವಿಚಾರಿಸಿ. ಬದಲಾವಣೆ ಒಂದೇ ಸ್ತನದಲ್ಲಿ ಆಗಿದ್ದರೆ ಮಾತ್ರ ಅದು ಎಚ್ಚರಿಕೆಯ ಸೂಚನೆ, ಕೂಡಲೇ ರೇಡಿಯಾಲಜಿಸ್ಟ್ ಗಮನಕ್ಕೆ ತನ್ನಿ.

## ಹಂತ 3: ಕಂಡದ್ದು ಗಡ್ಡೆಯೇ ಎಂದು ಖಚಿತಪಡಿಸಿಕೊಳ್ಳಿ

ಗಡ್ಡೆ ಎನ್ನಲು ಎರಡು ಷರತ್ತುಗಳಿವೆ. ಅದು ಎರಡು ಬೇರೆ ನೋಟಗಳಲ್ಲಿ ಕಾಣಬೇಕು, ಅದರ ಅಂಚು ಪೂರ್ತಿಯಾಗಿಯೋ ಭಾಗಶಃವಾಗಿಯೋ ಹೊರಕ್ಕೆ ಉಬ್ಬಿರಬೇಕು. ಒಂದೇ ನೋಟದಲ್ಲಿ ಕಂಡದ್ದನ್ನು ಅಸಿಮೆಟ್ರಿ ಎನ್ನಬೇಕು. ಅಂಗಾಂಶಗಳು ಒಂದರ ಮೇಲೊಂದು ಬಿದ್ದು ಹಾಗೆ ಕಾಣುವುದೇ ಹೆಚ್ಚು. ಎರಡೂ ನೋಟಗಳಲ್ಲಿ ಕಂಡರೂ ಹೊರಕ್ಕೆ ಉಬ್ಬಿದ ಅಂಚಿಲ್ಲದೆ, ನಡುನಡುವೆ ಕೊಬ್ಬು ಇಣುಕುತ್ತಿದ್ದರೆ ಅದು ಫೋಕಲ್ ಅಸಿಮೆಟ್ರಿ.

ಎರಡು ನೋಟಗಳಲ್ಲಿ ಕಂಡದ್ದು ಒಂದೇ ವಸ್ತುವೇ ಎಂದು ತಿಳಿಯಲು ತೊಟ್ಟಿನಿಂದ ಅದರ ದೂರವನ್ನು ಅಳೆಯಿರಿ. ಸಿಸಿ ನೋಟದಲ್ಲಿ 5 ಸೆಂ.ಮೀ. ಹಿಂದೆ ಇರುವುದು ಎಂಎಲ್‌ಒ ನೋಟದಲ್ಲೂ ಸುಮಾರು ಅಷ್ಟೇ ದೂರದಲ್ಲಿರಬೇಕು, ಸೆಂಟಿಮೀಟರಿನಷ್ಟು ಹೆಚ್ಚುಕಡಿಮೆ ಆದರೆ ಸಹಜ. ಒಂದರಲ್ಲಿ 3, ಇನ್ನೊಂದರಲ್ಲಿ 7 ಬಂದರೆ ನೀವು ಎರಡು ಬೇರೆ ವಸ್ತುಗಳನ್ನು ನೋಡುತ್ತಿದ್ದೀರಿ. ಇನ್ನೂ ಅನುಮಾನವಿದ್ದರೆ 90 ಡಿಗ್ರಿಯ ನೇರ ಪಾರ್ಶ್ವ ನೋಟ ನೆರವಿಗೆ ಬರುತ್ತದೆ. ಎಂಎಲ್‌ಒ ನೋಟದಿಂದ ನೇರ ಪಾರ್ಶ್ವಕ್ಕೆ ಬಂದಾಗ ಸ್ತನದ ಒಳಭಾಗದಲ್ಲಿ, ಅಂದರೆ ಎದೆಯ ನಡುವಿನ ಕಡೆಗೆ ಇರುವುದು ಚಿತ್ರದಲ್ಲಿ ಮೇಲಕ್ಕೇರುತ್ತದೆ, ಕಂಕುಳಿನ ಕಡೆಯ ಹೊರಭಾಗದಲ್ಲಿರುವುದು ಕೆಳಗಿಳಿಯುತ್ತದೆ. ಸಿಸಿ ನೋಟದಲ್ಲಿ ಒಳಭಾಗದಲ್ಲಿದೆ ಎಂದು ಕಂಡ ವಸ್ತು ಪಾರ್ಶ್ವದಲ್ಲಿ ಕೆಳಗಿಳಿದರೆ ಲೆಕ್ಕ ತಪ್ಪಿದೆ ಎಂದರ್ಥ.

## ಹಂತ 4: ಆಕಾರ, ಅಂಚು, ದಟ್ಟತೆ — ಇದೇ ಕ್ರಮದಲ್ಲಿ

ಆಕಾರಕ್ಕೆ ಮೂರೇ ಪದಗಳಿವೆ: ದೀರ್ಘವೃತ್ತ, ದುಂಡು, ಅನಿಯತ. ಎರಡು ಮೂರು ಮೃದು ಉಬ್ಬುಗಳಿದ್ದರೂ ದೀರ್ಘವೃತ್ತವೇ. ಲಾಬ್ಯುಲರ್ ಎಂಬ ಹಳೆಯ ಪದ ಈ ಆವೃತ್ತಿಯಲ್ಲಿ ಇಲ್ಲ. ಆಕಾರದ ಮೇಲೆ ಹೆಚ್ಚು ಹೊತ್ತು ಕಳೆಯಬೇಡಿ.

ಹೊತ್ತು ಕಳೆಯಬೇಕಾದದ್ದು ಅಂಚಿನ ಮೇಲೆ. ಪದಗಳು ಐದು: ಸರ್ಕಮ್‌ಸ್ಕ್ರೈಬ್ಡ್, ಅಬ್‌ಸ್ಕ್ಯೂರ್ಡ್, ಮೈಕ್ರೋಲಾಬ್ಯುಲೇಟೆಡ್, ಇಂಡಿಸ್ಟಿಂಕ್ಟ್, ಸ್ಪಿಕ್ಯುಲೇಟೆಡ್. ಸರ್ಕಮ್‌ಸ್ಕ್ರೈಬ್ಡ್ ಎನ್ನಬೇಕಾದರೆ ಸುತ್ತಲಿನ ಅಂಚಿನಲ್ಲಿ ಕನಿಷ್ಠ ಶೇಕಡಾ 75 ಭಾಗ ಚೂಪಾಗಿ ಕಾಣಬೇಕು, ಉಳಿದದ್ದು ಅಂಗಾಂಶದ ಮರೆಯಲ್ಲಿದ್ದರೆ ಪರವಾಗಿಲ್ಲ. ಆ ಉಳಿದ ಕಾಲುಭಾಗದಲ್ಲಿ ಎಲ್ಲಾದರೂ ಸಣ್ಣ ಉಬ್ಬುಗಳೋ, ಕರಗಿಹೋದಂತಹ ಅಂಚೋ, ಹೊರಚಾಚಿದ ಗೆರೆಗಳೋ ಕಂಡರೆ ಸರ್ಕಮ್‌ಸ್ಕ್ರೈಬ್ಡ್ ಎಂಬ ಪದ ಬಿದ್ದುಹೋಗುತ್ತದೆ. ಅಂಚಿನ ವಿಷಯದಲ್ಲಿ ಅತಿ ಕೆಟ್ಟ ಭಾಗದ ಮಾತೇ ನಡೆಯುತ್ತದೆ, ಸರಾಸರಿ ತೆಗೆಯುವಂತಿಲ್ಲ.

ವಿದ್ಯಾರ್ಥಿಗಳು ಎಡವುವ ಜಾಗ ಅಬ್‌ಸ್ಕ್ಯೂರ್ಡ್ ಮತ್ತು ಇಂಡಿಸ್ಟಿಂಕ್ಟ್ ನಡುವಿನ ವ್ಯತ್ಯಾಸ. ಎರಡರಲ್ಲೂ ಅಂಚು ಕಾಣುವುದಿಲ್ಲ, ಆದರೆ ಕಾಣದಿರುವುದಕ್ಕೆ ಕಾರಣ ಬೇರೆ. ಅಬ್‌ಸ್ಕ್ಯೂರ್ಡ್ ಎಂದರೆ ಅಂಚು ಚೆನ್ನಾಗಿಯೇ ಇರಬಹುದು, ಅದರ ಮೇಲೋ ಪಕ್ಕದಲ್ಲೋ ಬಿದ್ದ ಗ್ರಂಥಿ ಅಂಗಾಂಶ ಅದನ್ನು ಮುಚ್ಚಿದೆ. ಇಂಡಿಸ್ಟಿಂಕ್ಟ್ ಎಂದರೆ ಮುಚ್ಚುವಂಥದ್ದು ಏನೂ ಇಲ್ಲದಿದ್ದರೂ ಅಂಚು ಸುತ್ತಲಿನ ಅಂಗಾಂಶದೊಳಗೆ ಕರಗಿದೆ. ಮೊದಲನೆಯದು ನೋಟದ ಮಿತಿ, ಎರಡನೆಯದು ಗಡ್ಡೆಯದೇ ಗುಣ, ಸುತ್ತಲಿನ ಅಂಗಾಂಶಕ್ಕೆ ನುಗ್ಗುತ್ತಿರಬಹುದಾದ ಗುಣ.

ಪರೀಕ್ಷಿಸುವ ವಿಧಾನ ಹೀಗೆ. ಕಾಣದ ಅಂಚಿನ ಆಚೆ ಏನಿದೆ ಎಂದು ನೋಡಿ. ಆಚೆ ಕೊಬ್ಬಿನ ಕಪ್ಪು ಇದ್ದೂ ಅಂಚು ಮಸುಕಾಗಿದ್ದರೆ ಮರೆಮಾಡಲು ಏನೂ ಇರಲಿಲ್ಲ, ಅದು ಇಂಡಿಸ್ಟಿಂಕ್ಟ್. ಆಚೆ ಬಿಳಿ ಅಂಗಾಂಶವಿದ್ದರೆ ತೀರ್ಮಾನ ಮುಂದೂಡಿ, ಸ್ಪಾಟ್ ಕಂಪ್ರೆಷನ್ ನೋಟಕ್ಕೆ ಸಿದ್ಧರಾಗಿ. ಸಣ್ಣ ಪ್ಯಾಡಲ್ ಒತ್ತಿದಾಗ ಮೇಲೆ ಬಿದ್ದ ಅಂಗಾಂಶ ಪಕ್ಕಕ್ಕೆ ಸರಿದು ಗಡ್ಡೆಯ ನಿಜವಾದ ಅಂಚು ಹೊರಬರುತ್ತದೆ. ಇಲ್ಲಿ ಆಗುವ ತಪ್ಪೆಂದರೆ ಪ್ಯಾಡಲ್ ಸರಿಯಾದ ಜಾಗದಲ್ಲಿ ಕೂರದಿರುವುದು. ಸ್ಪಾಟ್ ಚಿತ್ರದಲ್ಲಿ ಗಡ್ಡೆ ಕಾಣಲಿಲ್ಲ ಎಂದು ಸಂತೋಷಪಡುವ ಮೊದಲು, ಪಕ್ಕದಲ್ಲಿದ್ದ ಗುರುತು ಹಿಡಿಯಬಹುದಾದ ರಕ್ತನಾಳವೋ ಕಣವೋ ಚಿತ್ರದಲ್ಲಿ ಇದೆಯೇ ನೋಡಿ. ಅದೂ ಇಲ್ಲದಿದ್ದರೆ ನೀವು ಒತ್ತಿದ್ದು ಬೇರೆ ಜಾಗ.

ಕೊನೆಗೆ ಗಡ್ಡೆಯ ದಟ್ಟತೆ. ಅಷ್ಟೇ ಗಾತ್ರದ ಗ್ರಂಥಿ ಅಂಗಾಂಶಕ್ಕೆ ಹೋಲಿಸಿ ಹೆಚ್ಚು, ಸಮ, ಕಡಿಮೆ ಎಂದು ಹೇಳಬೇಕು. ಒಳಗೆ ಕೊಬ್ಬು ಕಂಡರೆ ಅದನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ತೈಲಕೋಶ, ಲೈಪೋಮಾ, ಹ್ಯಾಮಾರ್ಟೋಮಾ ಮುಂತಾದ ಕೊಬ್ಬಿರುವ ಗಡ್ಡೆಗಳು ಬಹುಪಾಲು ನಿರುಪದ್ರವಿ. ಸಿ ವರ್ಗದ ಸ್ತನದಲ್ಲಿರುವ ಗಡ್ಡೆ ತಾನಾಗಿ ಹೆಚ್ಚು ದಟ್ಟವಾಗಿಬಿಡುವುದಿಲ್ಲ. ಹಂತ 2ರ ಅಕ್ಷರ ಇಡೀ ಸ್ತನದ್ದು, ಇಲ್ಲಿನ ಪದ ಗಡ್ಡೆಯೊಂದರದ್ದು.

## ಹಂತ 5: ಸುಣ್ಣದ ಕಣಗಳಲ್ಲಿ ಮೊದಲು ನಿರುಪದ್ರವಿಗಳನ್ನು ಬೇರ್ಪಡಿಸಿ

ಹೆಚ್ಚಿನ ಕಣಗಳು ಕ್ಯಾನ್ಸರ್‌ಗೆ ಸಂಬಂಧಿಸಿದವಲ್ಲ, ಕೆಲವನ್ನು ನೋಡಿದ ಕೂಡಲೇ ಗುರುತಿಸಬಹುದು. ರಕ್ತನಾಳದ ಗೋಡೆಯ ಸುಣ್ಣ ಜೋಡಿ ಹಳಿಗಳಂತೆ ಸಾಗುತ್ತದೆ. ಒಣಗುತ್ತಿರುವ ಫೈಬ್ರೋಅಡಿನೋಮಾದಲ್ಲಿ 2–3 ಮಿ.ಮೀ.ಗಿಂತ ದೊಡ್ಡ, ಪಾಪ್‌ಕಾರ್ನ್ ಎಂದೇ ಕರೆಯುವ ಒರಟು ಉಂಡೆಗಳಿರುತ್ತವೆ. ತೈಲಕೋಶದ ಸುತ್ತ ತೆಳು ಬಳೆ ಇರುತ್ತದೆ. ಚರ್ಮದ ಪ್ರತಿ ಕಣದ ನಟ್ಟನಡುವೆ ಕಪ್ಪು ಚುಕ್ಕೆಯಿರುತ್ತದೆ. ಅನುಮಾನವಿದ್ದರೆ ಅಕ್ಷರ ಮತ್ತು ಅಂಕಿಗಳ ಕಿಂಡಿ ಪ್ಯಾಡಲ್‌ನಿಂದ ಜಾಗ ಗುರುತಿಸಿ, ಅಲ್ಲಿ ಲೋಹದ ಸಣ್ಣ ಗುಂಡು ಅಂಟಿಸಿ, ಆ ಜಾಗವನ್ನು ಕಿರಣ ಸವರಿಕೊಂಡು ಹೋಗುವಂತೆ ಟ್ಯಾಂಜೆನ್ಷಿಯಲ್ ನೋಟ ತೆಗೆಯಬೇಕು.

ಒಂದನ್ನು ಮಾತ್ರ ನಿಧಾನವಾಗಿ ನೋಡಬೇಕು, ಸ್ರವಿಕೆಯ ಕಡ್ಡಿ ಕಣಗಳು. ಇವೂ ನಾಳದಲ್ಲಿರುತ್ತವೆ, ತೊಟ್ಟಿನ ಕಡೆಗೆ ಮುಖ ಮಾಡಿರುತ್ತವೆ, ಕೆಲವೊಮ್ಮೆ ಕವಲೊಡೆಯುತ್ತವೆ. ಹಾಗಾಗಿ ಕ್ಯಾನ್ಸರ್‌ನ ಸೂಕ್ಷ್ಮ ರೇಖಾ ಕಣಗಳೊಂದಿಗೆ ಗೊಂದಲವಾಗುತ್ತದೆ. ವ್ಯತ್ಯಾಸ ದಪ್ಪ ಮತ್ತು ನಯದಲ್ಲಿದೆ. ನಿರುಪದ್ರವಿ ಕಡ್ಡಿಗಳು ಸಾಮಾನ್ಯವಾಗಿ ಅರ್ಧ ಮಿ.ಮೀ.ಗಿಂತ ದಪ್ಪ, ತುಂಡಾಗದೆ ನುಣುಪಾಗಿರುತ್ತವೆ, ಹೆಚ್ಚಾಗಿ ಎರಡೂ ಸ್ತನಗಳಲ್ಲಿರುತ್ತವೆ. ಅನುಮಾನದ ಕಣಗಳು ಅದಕ್ಕಿಂತ ತೆಳು, ಅಂಚು ಒರಟು, ಸಾಲು ತುಂಡು ತುಂಡು.

## ಹಂತ 6: ಆಕಾರ ಹೇಳುವ ಮೊದಲು ಮ್ಯಾಗ್ನಿಫಿಕೇಶನ್ ನೋಟ ತೆಗೆಯಿರಿ

ಪರದೆಯ ಮೇಲೆ ಹಿಗ್ಗಿಸಿ ನೋಡಿದರಾಯಿತಲ್ಲ ಎಂಬುದು ಸಾಮಾನ್ಯ ವಾದ. ಹಿಗ್ಗಿಸಿದರೆ ಇರುವ ಪಿಕ್ಸೆಲ್‌ಗಳೇ ದೊಡ್ಡದಾಗುತ್ತವೆ, ಹೊಸ ವಿವರ ಸೇರುವುದಿಲ್ಲ. ನಿಜವಾದ ಮ್ಯಾಗ್ನಿಫಿಕೇಶನ್‌ನಲ್ಲಿ ಸ್ತನವನ್ನು ಎತ್ತರದ ಪೀಠದ ಮೇಲಿಟ್ಟು ಡಿಟೆಕ್ಟರ್‌ನಿಂದ ದೂರ ಮಾಡುತ್ತೇವೆ. ನೆರಳು 1.5ರಿಂದ 2 ಪಟ್ಟು ದೊಡ್ಡದಾಗಿ ಬೀಳುತ್ತದೆ. ನಡುವಿನ ಗಾಳಿಯ ಅಂತರದಲ್ಲಿ ಚದುರಿದ ಕಿರಣಗಳು ಪಕ್ಕಕ್ಕೆ ಹೋಗುವುದರಿಂದ, ಅವುಗಳನ್ನು ತಡೆಯಲು ಇರುವ ಗ್ರಿಡ್ ಅನ್ನು ತೆಗೆದುಹಾಕುತ್ತೇವೆ.

ಕಿರಣ ಹುಟ್ಟುವ ಜಾಗವಾದ ಫೋಕಲ್ ಸ್ಪಾಟ್ 0.3 ಮಿ.ಮೀ.ನಿಂದ 0.1ಕ್ಕೆ ಬದಲಾಗಿದೆಯೇ ಎಂದು ಪ್ರತಿಸಲವೂ ನೋಡಿ. ಲೆಕ್ಕ ಸರಳ. ಮಸುಕಿನ ಅಗಲ ಎಂದರೆ ಫೋಕಲ್ ಸ್ಪಾಟ್‌ನ ಅಳತೆಯನ್ನು, ಹಿಗ್ಗುವಿಕೆಯಿಂದ ಒಂದು ಕಳೆದು ಬಂದ ಸಂಖ್ಯೆಯಿಂದ ಗುಣಿಸಿದಷ್ಟು. 1.8 ಪಟ್ಟು ಹಿಗ್ಗಿಸಿದಾಗ 0.3ರ ಸ್ಪಾಟ್ ಡಿಟೆಕ್ಟರ್ ಮೇಲೆ 0.24 ಮಿ.ಮೀ. ಮಸುಕು ಕೊಡುತ್ತದೆ. ಅದನ್ನು ಕಣದ ಮಟ್ಟಕ್ಕೆ ಇಳಿಸಿದರೆ, ಅಂದರೆ 1.8ರಿಂದ ಭಾಗಿಸಿದರೆ, 0.13. ಕಣದ ಗಾತ್ರವೇ 0.2 ಇದ್ದರೆ ಅದರ ಆಕಾರದಲ್ಲಿ ಉಳಿಯುವುದೇನು? 0.1ರ ಸ್ಪಾಟ್ ಬಳಸಿದರೆ ಅದೇ ಲೆಕ್ಕದಲ್ಲಿ ಮಸುಕು 0.044ಕ್ಕೆ ಇಳಿಯುತ್ತದೆ. ಚಿಕ್ಕ ಸ್ಪಾಟ್‌ಗೆ ಹೆಚ್ಚು ವಿದ್ಯುತ್ ಹರಿಸಲಾಗದು, ಆದ್ದರಿಂದ ಎಕ್ಸ್‌ಪೋಷರ್ ಸಮಯ ಉದ್ದವಾಗುತ್ತದೆ, ಅಲುಗಾಟದ ಅಪಾಯವೂ ಬೆಳೆಯುತ್ತದೆ. ಒತ್ತಡ ಬಿಗಿಯಾಗಿರಲಿ, ಉಸಿರು ಹಿಡಿಯುವ ಸೂಚನೆ ಕೊಟ್ಟ ಮೇಲೆ ಒಂದು ಕ್ಷಣ ತಡೆದು ಬಟನ್ ಒತ್ತಿ.

ನೋಟಗಳು ಎರಡು: ಸಿಸಿ ಮತ್ತು 90 ಡಿಗ್ರಿ ಪಾರ್ಶ್ವ. ಪಾರ್ಶ್ವದ ಬದಲು ಮತ್ತೊಂದು ಎಂಎಲ್‌ಒ ತೆಗೆದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಸಣ್ಣ ನೀರುಗುಳ್ಳೆಗಳೊಳಗೆ ಸುಣ್ಣ ಕೆಳಗೆ ತಂಗಿರುವುದನ್ನು ಮಿಲ್ಕ್ ಆಫ್ ಕ್ಯಾಲ್ಸಿಯಂ ಎನ್ನುತ್ತಾರೆ. ಸಿಸಿ ನೋಟದಲ್ಲಿ ಕಿರಣ ಮೇಲಿನಿಂದ ಬರುತ್ತದೆ. ಲೋಟದ ತಳದಲ್ಲಿ ಕೂತ ಗಸಿಯನ್ನು ನೇರ ಮೇಲಿನಿಂದ ನೋಡಿದಂತೆ, ಮಬ್ಬಾದ ದುಂಡು ಚುಕ್ಕೆಯಷ್ಟೇ ಕಾಣುತ್ತದೆ. ಪಾರ್ಶ್ವ ನೋಟದಲ್ಲಿ ಕಿರಣ ಅಡ್ಡಲಾಗಿ ಸಾಗುವುದರಿಂದ ತಳದ ಬಾಗು ಮತ್ತು ಮೇಲಿನ ಸಮತಟ್ಟು ಗೆರೆ ಎರಡೂ ಕಾಣುತ್ತವೆ, ಅರ್ಧಚಂದ್ರ ಮೂಡುತ್ತದೆ. ಈ ಬದಲಾವಣೆಯೇ ಅದರ ಗುರುತು.

## ಹಂತ 7: ಅನುಮಾನದ ನಾಲ್ಕು ಆಕಾರಗಳು

ಉಳಿದ ಕಣಗಳಿಗೆ ನಾಲ್ಕು ಪದಗಳಿವೆ. ಅಮಾರ್ಫಸ್ ಎಂದರೆ ಆಕಾರ ಹೇಳಲಾಗದಷ್ಟು ಸಣ್ಣ ಅಥವಾ ಮಬ್ಬಾದ ಕಣ. ಕೋರ್ಸ್ ಹೆಟರೋಜೀನಿಯಸ್ ಎಂದರೆ ಅರ್ಧದಿಂದ ಒಂದು ಮಿ.ಮೀ.ವರೆಗಿನ, ಒಂದರಂತೆ ಒಂದಿಲ್ಲದ ಒರಟು ಕಣಗಳು. ಫೈನ್ ಪ್ಲಿಯೋಮಾರ್ಫಿಕ್ ಕಣಗಳು ಅರ್ಧ ಮಿ.ಮೀ.ಗಿಂತ ಸಣ್ಣವು, ಆಕಾರ ಕಾಣುತ್ತದೆ, ಆದರೆ ಪ್ರತಿಯೊಂದರದ್ದೂ ಬೇರೆ. ಫೈನ್ ಲೀನಿಯರ್ ಅಥವಾ ಬ್ರಾಂಚಿಂಗ್ ಎಂದರೆ ತೆಳುವಾದ, ತುಂಡಾದ, ಕೆಲವೊಮ್ಮೆ ಕವಲೊಡೆದ ಸಾಲುಗಳು. ಕೊನೆಯದು ಎಲ್ಲಕ್ಕಿಂತ ಗಂಭೀರ. ಸತ್ತ ಜೀವಕೋಶಗಳು ನಾಳವನ್ನು ತುಂಬಿ ಸುಣ್ಣಗಟ್ಟಿದಾಗ ನಾಳದ ಅಚ್ಚೇ ಹೀಗೆ ಮೂಡುತ್ತದೆ. ಬೈರಾಡ್ಸ್ ಇದನ್ನು 4ಸಿ ಮಟ್ಟದಲ್ಲಿಡುತ್ತದೆ, ಅಂದರೆ ಕ್ಯಾನ್ಸರ್ ಸಾಧ್ಯತೆ ಶೇಕಡಾ 50ಕ್ಕಿಂತ ಹೆಚ್ಚು. ಉಳಿದ ಮೂರು 4ಬಿ, ಶೇಕಡಾ 10ರಿಂದ 50ರ ನಡುವೆ.

ಅಮಾರ್ಫಸ್ ಎಂಬ ಪದವನ್ನು ಜಿಪುಣತನದಿಂದ ಬಳಸಿ. ಅಲುಗಿದ ಚಿತ್ರ, ದೊಡ್ಡ ಫೋಕಲ್ ಸ್ಪಾಟ್, ಮಿಲ್ಕ್ ಆಫ್ ಕ್ಯಾಲ್ಸಿಯಂನ ಸಿಸಿ ನೋಟ ಈ ಮೂರೂ ಅಮಾರ್ಫಸ್ ಆಗಿಯೇ ಕಾಣುತ್ತವೆ. ಮೂರನ್ನೂ ತಳ್ಳಿಹಾಕಿದ ಮೇಲೆ ಉಳಿದರೆ ಮಾತ್ರ ಆ ಪದ.

## ಹಂತ 8: ಹಂಚಿಕೆ

ಕಣಗಳು ಹೇಗಿವೆ ಎಂಬುದರಷ್ಟೇ ಎಲ್ಲಿ ಹೇಗೆ ಹರಡಿವೆ ಎಂಬುದೂ ಮುಖ್ಯ. ಇಡೀ ಸ್ತನದಲ್ಲಿ ಚದುರಿದ್ದರೆ ಡಿಫ್ಯೂಸ್. ನಾಳದ ದಿಕ್ಕು ಅನುಸರಿಸದೆ 2 ಸೆಂ.ಮೀ.ಗಿಂತ ದೊಡ್ಡ ಜಾಗ ಹಿಡಿದಿದ್ದರೆ ರೀಜನಲ್. ಒಂದು ಸೆಂ.ಮೀ. ಒಳಗೆ ಕನಿಷ್ಠ ಐದು, ಅಥವಾ 2 ಸೆಂ.ಮೀ. ಒಳಗೆ ಅದಕ್ಕಿಂತ ಹೆಚ್ಚು ಇದ್ದರೆ ಗ್ರೂಪ್ಡ್. ಸಾಲಾಗಿದ್ದರೆ ಲೀನಿಯರ್. ತುದಿ ತೊಟ್ಟಿನ ಕಡೆಗಿರುವ ತ್ರಿಕೋನದಂತೆ ಹರಡಿದ್ದರೆ ಸೆಗ್ಮೆಂಟಲ್. ಕೊನೆಯ ಎರಡು ನಾಳದ ಮತ್ತು ಅದರ ಕವಲುಗಳ ರೋಗವನ್ನು ಸೂಚಿಸುವುದರಿಂದ ಅನುಮಾನ ಹೆಚ್ಚಿಸುತ್ತವೆ. ದುಂಡನೆಯ ಸಾಧಾರಣ ಕಣಗಳೇ ಆದರೂ ಸೆಗ್ಮೆಂಟಲ್ ಆಗಿದ್ದರೆ ಸುಮ್ಮನೆ ಬಿಡುವಂತಿಲ್ಲ.

ರೀಜನಲ್ ಮತ್ತು ಸೆಗ್ಮೆಂಟಲ್ ನಡುವೆ ತೀರ್ಪು ಕೊಡಲು ಎರಡೂ ನೋಟಗಳು ಬೇಕು. ಸಿಸಿ ನೋಟದಲ್ಲಿ ತ್ರಿಕೋನವಾಗಿ ಕಂಡದ್ದು ಪಾರ್ಶ್ವದಲ್ಲಿ ಮೇಲಿನಿಂದ ಕೆಳಗಿನವರೆಗೆ ಚದುರಿದ್ದರೆ ಅದು ಸೆಗ್ಮೆಂಟಲ್ ಅಲ್ಲ.

## ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ

ಇದು ಅಭ್ಯಾಸಕ್ಕಾಗಿ ಹೆಣೆದ ಪ್ರಕರಣ. 54 ವರ್ಷದ ಮಹಿಳೆ, ಯಾವ ದೂರೂ ಇಲ್ಲ, ತಪಾಸಣೆಗೆಂದು ಬಂದಿದ್ದಾರೆ. ನಾಲ್ಕೂ ಚಿತ್ರಗಳು ಚೂಪಾಗಿವೆ. ಎರಡೂ ಸ್ತನಗಳ ಮೇಲಿನ ಹೊರಭಾಗದಲ್ಲಿ ಗಾಢ ಅಂಗಾಂಶವಿದೆ, ಉಳಿದ ಕಡೆ ಕೊಬ್ಬಿನ ನಡುವೆ ಬಿಳಿ ಎಳೆಗಳಿವೆ. ಅಡಗಲು ಜಾಗವಿರುವುದರಿಂದ ಸಾಂದ್ರತೆ ಸಿ.

ಎಡ ಸ್ತನದಲ್ಲಿ ಎರಡು ವಿಷಯಗಳು ಕಣ್ಣಿಗೆ ಬೀಳುತ್ತವೆ. ಮೇಲಿನ ಹೊರಭಾಗದಲ್ಲಿ, ಗಡಿಯಾರದ 2 ಗಂಟೆಯ ದಿಕ್ಕಿನಲ್ಲಿ, 12 ಮಿ.ಮೀ. ಜಾಗದಲ್ಲಿ ಸುಮಾರು ಹತ್ತು ಮಬ್ಬು ಕಣಗಳಿವೆ. ಕೆಳಗಿನ ಒಳಭಾಗದಲ್ಲಿ, 8 ಗಂಟೆಯ ದಿಕ್ಕಿನಲ್ಲಿ, 9 ಮಿ.ಮೀ.ನ ದೀರ್ಘವೃತ್ತದಂಥ ನೆರಳಿದೆ, ಅದರ ಹಿಂದಿನ ಅಂಚು ಕಾಣುತ್ತಿಲ್ಲ. ವಿದ್ಯಾರ್ಥಿಗಳ ಗಮನವೆಲ್ಲ ಕಣಗಳ ಗುಂಪಿನ ಮೇಲೆ ಹೋಗುತ್ತದೆ. ಅಮಾರ್ಫಸ್, ಗ್ರೂಪ್ಡ್, ಅನುಮಾನಾಸ್ಪದ ಎಂದು ಬರೆದು ಮುಗಿಸುತ್ತಾರೆ. ನೆರಳಿಗೆ ಸಿಗುವುದು ದೀರ್ಘವೃತ್ತ, ಬಹುಶಃ ನಿರುಪದ್ರವಿ ಎಂಬ ಅರ್ಧ ಸಾಲು.

ಕ್ರಮವಾಗಿ ನೋಡಿದರೆ ಹೀಗೆ. ಕಣಗಳು ಹೊರಭಾಗದಲ್ಲಿರುವುದರಿಂದ ಪಾರ್ಶ್ವ ಮ್ಯಾಗ್ನಿಫಿಕೇಶನ್ ಅನ್ನು ಕಿರಣ ಒಳಬದಿಯಿಂದ ಹೊರಬದಿಗೆ ಸಾಗುವ ಎಂಎಲ್ ದಿಕ್ಕಿನಲ್ಲಿ ತೆಗೆಯುತ್ತೇವೆ, ಆಗ ಕಣಗಳು ಡಿಟೆಕ್ಟರ್ ಇರುವ ಬದಿಗೆ ಬರುತ್ತವೆ. ಚಿತ್ರದಲ್ಲಿ ಹತ್ತರಲ್ಲಿ ಹತ್ತೂ ಅರ್ಧಚಂದ್ರಗಳಾಗಿವೆ, ಎಲ್ಲದರ ಸಮತಟ್ಟು ಬದಿ ಮೇಲಕ್ಕಿದೆ. ಹತ್ತನ್ನೂ ಒಂದೊಂದಾಗಿ ನೋಡಬೇಕು ಎಂಬುದನ್ನು ಮರೆಯಬೇಡಿ. ಎಂಟು ಬದಲಾಗಿ ಎರಡು ಹಾಗೇ ಉಳಿದಿದ್ದರೆ ಆ ಎರಡರ ಪದವೇ ಗುಂಪಿನ ಪದವಾಗುತ್ತಿತ್ತು. ಇಲ್ಲಿ ಪದ ಮಿಲ್ಕ್ ಆಫ್ ಕ್ಯಾಲ್ಸಿಯಂ, ನಿರುಪದ್ರವಿ.

ಇನ್ನು ನೆರಳು. ತೊಟ್ಟಿನಿಂದ ದೂರ ಸಿಸಿಯಲ್ಲಿ 5 ಸೆಂ.ಮೀ., ಎಂಎಲ್‌ಒದಲ್ಲಿ 5.4. ಒಂದೇ ವಸ್ತು. ಎರಡರಲ್ಲೂ ಮುಂದಿನ ಅಂಚು ಹೊರಕ್ಕೆ ಉಬ್ಬಿದೆ, ಹಾಗಾಗಿ ಗಡ್ಡೆ. ಹಿಂದಿನ ಅಂಚಿನ ಆಚೆ ಎಂಎಲ್‌ಒದಲ್ಲಿ ಬಿಳಿ ಅಂಗಾಂಶವಿದೆ, ಆದ್ದರಿಂದ ಸದ್ಯಕ್ಕೆ ಅಬ್‌ಸ್ಕ್ಯೂರ್ಡ್, ಸ್ಪಾಟ್ ಕಂಪ್ರೆಷನ್ ಬೇಕು. ಗಡ್ಡೆ ಒಳಭಾಗದಲ್ಲಿರುವುದರಿಂದ ಈ ಸಲ ಪಾರ್ಶ್ವ ನೋಟ ಅದಕ್ಕೆ ವಿರುದ್ಧವಾದ ಎಲ್‌ಎಂ ದಿಕ್ಕಿನಲ್ಲಿ. ಅದು ಎಂಎಲ್‌ಒಗಿಂತ ಮೇಲಕ್ಕೇರಿ ಕಾಣುತ್ತದೆ, ಒಳಭಾಗದ ವಸ್ತು ಏರಲೇಬೇಕು, ಲೆಕ್ಕ ಸರಿಯಾಯಿತು. ಒತ್ತಿದ ಚಿತ್ರದಲ್ಲಿ ಅಂಗಾಂಶ ಸರಿದಿದೆ. ಗಡ್ಡೆ ಮಾತ್ರ ಹಾಗೆಯೇ ಉಳಿದಿದೆ, ಮುಂದಿನ ಅಂಚು ನುಣುಪು, ಹಿಂದಿನ ಅಂಚಿನಿಂದ ನಾಲ್ಕೈದು ತೆಳು ಗೆರೆಗಳು ಕೊಬ್ಬಿನೊಳಕ್ಕೆ ಚಾಚಿವೆ. ದೀರ್ಘವೃತ್ತ ಎಂದುಕೊಂಡ ಆಕಾರವೂ ಈಗ ಅನಿಯತ. ಅತಿ ಕೆಟ್ಟ ಭಾಗದ ಮಾತು ನಡೆಯುವುದರಿಂದ ಅಂಚು ಸ್ಪಿಕ್ಯುಲೇಟೆಡ್. ದಟ್ಟತೆ ಸಮ.

ರೇಡಿಯಾಲಜಿಸ್ಟ್‌ಗೆ ನೀವು ಕೊಡುವ ಟಿಪ್ಪಣಿಯಲ್ಲಿ ಸಾಂದ್ರತೆ, ಬದಿ, ಗಡಿಯಾರದ ದಿಕ್ಕು, ತೊಟ್ಟಿನಿಂದ ದೂರ, ಅತಿ ಉದ್ದದ ಅಳತೆ, ಪದಗಳು ಮತ್ತು ಅವು ಯಾವ ನೋಟದಲ್ಲಿ ಕಂಡವು ಎಂಬುದು ಇರಲಿ. ಪಕ್ಕದಲ್ಲಿ ಚರ್ಮ 2 ಮಿ.ಮೀ.ಗಿಂತ ದಪ್ಪವಾಗಿದೆಯೇ, ತೊಟ್ಟು ಒಳಕ್ಕೆ ಎಳೆದಿದೆಯೇ, ಕಂಕುಳಿನ ಗ್ರಂಥಿ ಹಿಗ್ಗಿದೆಯೇ ಎಂಬುದನ್ನೂ ಸೇರಿಸಿ, ಇಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ. ಅಂತಿಮ ಅಂಕಿಯನ್ನು ನೀವು ಬರೆಯಬೇಡಿ, ರೋಗಿ ಕೇಳಿದರೂ ಹೇಳಬೇಡಿ. ಈ ಪ್ರಕರಣದ ಟಿಪ್ಪಣಿ ಹೀಗಿರುತ್ತದೆ: ಸಾಂದ್ರತೆ ಸಿ. ಎಡ ಸ್ತನ, 8 ಗಂಟೆ, ತೊಟ್ಟಿನಿಂದ 5 ಸೆಂ.ಮೀ., 9 ಮಿ.ಮೀ. ಗಡ್ಡೆ, ಅನಿಯತ, ಸಮ ದಟ್ಟತೆ. ಸಿಸಿ ಮತ್ತು ಎಲ್‌ಎಂ ಸ್ಪಾಟ್ ನೋಟಗಳಲ್ಲಿ ಹಿಂದಿನ ಅಂಚು ಸ್ಪಿಕ್ಯುಲೇಟೆಡ್. ಎಡ ಸ್ತನ, 2 ಗಂಟೆ, ಗುಂಪಾದ ಕಣಗಳು, ಎಂಎಲ್ ಮ್ಯಾಗ್ನಿಫಿಕೇಶನ್‌ನಲ್ಲಿ ಎಲ್ಲವೂ ಅರ್ಧಚಂದ್ರ. ಚರ್ಮ, ತೊಟ್ಟು, ಕಂಕುಳಿನಲ್ಲಿ ಬದಲಾವಣೆ ಇಲ್ಲ.